ಸಾಲು ಮುರಿದ ನಾಟಿ ಹಾಡುಗಳು

ಹೊನ್ನಾವರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಅರ್ಜಿ, ಬಯೋಡೇಟಾ, ಮದುವೆ ಕಾಗದ ಎಂದು ಟೈಪು ಮಾಡಿ ಮಾಡಿ ಕುತ್ತಿಗೆ ಸೋತುಹೋಗಿದೆ. ಇಂಥ ಒಂದು ಮಧ್ಯಾಹ್ನ ಹಳದೀಪುರದ ಶಾಲೆಯಲ್ಲಿ ಕಲಿಸುವ ಅಕ್ಕೋರೊಬ್ಬರು ಪೆನ್‌ಡ್ರೈವ್ ತಂದರು. ಅವರ ತಾಯಿ ಹಾಡಿದ ಗದ್ದೆ ನಾಟಿಯ ಹಾಡುಗಳನ್ನು ಹಿಂದೊಮ್ಮೆ ಊರಿನ ಸ್ಮರಣ ಸಂಚಿಕೆಯಲ್ಲಿ ಅಚ್ಚು ಮಾಡಿದ್ದರಂತೆ. ಈಗ ಉಳಿದದ್ದು ಪಿಡಿಎಫ್ ಮಾತ್ರ. ಪುಸ್ತಕ ಮಾಡಲು, ತಪ್ಪು ತಿದ್ದಲು ವರ್ಡ್ ಫೈಲ್ ಬೇಕಿತ್ತು.

ಪಿಡಿಎಫನ್ನು ವರ್ಡ್‌ನಲ್ಲಿ ತೆರೆದೆ. ಅಕ್ಷರಗಳೇನೋ ಬಂದವು, ಆದರೆ ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತಿದಂತೆ ತುಂಡಾಗಿದ್ದವು. ಮೊದಲು ಖಾಲಿ ಸಾಲಿದ್ದ ಕಡೆ, ಅಂದರೆ ಎರಡು ಎಂಟರ್ ಒಟ್ಟಿಗಿದ್ದಲ್ಲಿ ಫೈಂಡ್-ರಿಪ್ಲೇಸ್‌ನಿಂದ ಒಂದು ಗುರುತು ಹಾಕಿದೆ. ಉಳಿದ ಎಂಟರ್‌ಗಳ ಜಾಗಕ್ಕೆ ಸ್ಪೇಸ್. ಆಮೇಲೆ ಆ ಗುರುತುಗಳನ್ನು ಮತ್ತೆ ಎಂಟರ್ ಮಾಡಿದೆ. ಮುನ್ನುಡಿ ಸರಿಯಾಯಿತು. ಹಾಡಿನ ನುಡಿಗಳೆಲ್ಲ ಮಾತ್ರ ಗದ್ಯದ ಮುದ್ದೆಗಳಾದವು.

ಹಳೆಯ ತುಂಡುಗಳನ್ನೇ ಇಟ್ಟುಕೊಳ್ಳೋಣವೆಂದರೆ ಅವೂ ಸುಳ್ಳು. ಸಂಚಿಕೆಯ ಕಾಲಂ ಸಣ್ಣದಿತ್ತು; ಜಾಗ ಮುಗಿದಲ್ಲಿ ಸಾಲು ಮುರಿದಿತ್ತು, ಹಾಡು ನಿಂತಲ್ಲಲ್ಲ.

"ಅಕ್ಕೋರೇ, ಸಾಲು ಎಲ್ಲಿ ಮುಗೀತದೆ ಅಂತ ನಂಗೆ ಗೊತ್ತಾಗುದಿಲ್ಲ" ಎಂದೆ.

"ನಂಗೂ ಗೊತ್ತಿಲ್ಲ. ಅಬ್ಬೆನ್ನೇ ಕರ್ಕಂಡು ಬತ್ತೆ."

ಮರುದಿನ ಬಸ್ಸಿನಲ್ಲಿ ಇಬ್ಬರೂ ಬಂದರು. ತಾಯಿಗೆ ಕಣ್ಣು ಮಂಜು. ಸ್ಕ್ರೀನಿನ ಕಡೆ ನೋಡದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಸಣ್ಣ ದನಿಯಲ್ಲಿ ಹಾಡಿದರು. ಅವರು ಎಳೆದು ನಿಲ್ಲಿಸಿದಲ್ಲಿ ನಾನು ಎಂಟರ್ ಒತ್ತಿದೆ. ನಡುನಡುವೆ ಝೆರಾಕ್ಸ್‌ಗೆ ಬಂದವರಿಗಾಗಿ ನಾನು ಎದ್ದು ಹೋಗಬೇಕಿತ್ತು. ತಾಯಿ ಸುಸ್ತಾಗಿ ನೀರು ಕೇಳುತ್ತಿದ್ದರು, ನಾನು ಕುತ್ತಿಗೆ ಹಿಸುಕಿಕೊಳ್ಳುತ್ತಿದ್ದೆ.

ಆರನೆಯ ಹಾಡಿನಲ್ಲಿ ಫೈಲಿನಲ್ಲಿಲ್ಲದ ಒಂದು ಸಾಲು ಬಂತು. ಗಂಡ ಹೊಡೆದ ಬಾಸುಂಡೆ ಗದ್ದೆಯ ನೀರಿಗೆ ತಾಗಿ ಉರಿಯುವ ಮಾತು ಅದು. ನನ್ನ ಬೆರಳು ನಿಂತಿತು.

"ಅಬ್ಬೇ, ಇದು ಇದ್ರಲ್ಲಿಲ್ಲ" ಎಂದರು ಅಕ್ಕೋರು.

"ಸಂಚಿಕೆಗೆ ಬರ್ಕಂಬುಕೆ ಬಂದವ್ರಿಗೆ ಹೇಳ್ಲಿಲ್ಲ. ನಿನ್ನಪ್ಪ ಅಲ್ಲೇ ಕೂತಿದ್ದ."

ಅಕ್ಕೋರು ಬ್ಯಾಗಿನ ಝಿಪ್ಪನ್ನು ಎಳೆದರು, ಮುಚ್ಚಿದರು. ಅಪ್ಪನ ವಿಷಯ ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

"ಅಮ್ಮಾ, ಸಾಲು ಹಾಕ್ಲಾ?"

"ಎಂತಕ್ಕೆ ಕೇಳ್ತೆ ತಂಗೀ? ಹಾಡಿನಾಗೆ ಇದ್ದದ್ದು ಅಲ್ವಾ?" ಎಂದರು. ಮಗಳ ಕಡೆ ತಿರುಗಿ, "ನಿಂಗೆ ಬೇಜಾರಾದ್ರೆ ಬೇಡ."

ಅಕ್ಕೋರು ಬ್ಯಾಗನ್ನು ಕೆಳಗಿಟ್ಟು, "ಹಾಕಿ" ಎಂದರು.

ಟೈಪು ಮಾಡಿ ಓದಿ ಹೇಳಿದೆ. ತಾಯಿ ಒಂದು ಪದ ತಿದ್ದಿಸಿ, "ಆತು" ಎಂದು ಮುಂದಿನ ಹಾಡು ಹಿಡಿದರು. ಉಳಿದವು ಮುಗಿಯುವಾಗ ಸಂಜೆಯಾಗಿತ್ತು. ಕುಮಟೆಯ ಪ್ರೆಸ್ಸಿಗೆ ಫೈಲ್ ಕಳಿಸಿ ಕಂಪ್ಯೂಟರ್ ಆರಿಸಿದೆ. ತಾಯಿ ಮಗಳು ಕೈ ಹಿಡಿದುಕೊಂಡು ರಸ್ತೆ ದಾಟಿದರು.