ಎಕ್ಸ್‌ರೇ ಮೆಮೊ ಮತ್ತು ಪಳನಿಯ ಮೊಟ್ಟೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮನೆಯವರಿಗೆಲ್ಲ ಗೊತ್ತು, ಆಸ್ಪತ್ರೆಯಲ್ಲೂ ಗೊತ್ತು. ಹಾಗಿದ್ದೂ ನಮ್ಮ ಆಸ್ಪತ್ರೆಯ ಬೋರ್ಡಿನ ಅಧ್ಯಕ್ಷರು ಆ ಕೆಲಸವನ್ನು ನನಗೇ ಕೊಟ್ಟರು. "ಎಕ್ಸ್‌ರೇ ಓದೋಕೆ ಎಐ ಬಂದಿದೆಯಂತಲ್ಲಮ್ಮ, ಬೇಕೋ ಬೇಡವೋ ಅಂತ ಎರಡು ಪುಟದ ಮೆಮೊ ಬರೆದುಕೊಡಿ" ಅಂದರು. ಎಕ್ಸ್‌ರೇ ಓದುವುದೇ ನನ್ನ ಹೊಟ್ಟೆಪಾಡು. ಅಡುಗೆಯವಳನ್ನೇ ಕರೆದು ಹೋಟೆಲ್ ಊಟ ತರಿಸೋಣವೇ ಅಂತ ಕೇಳಿದ ಹಾಗಾಯಿತು.

ನಾನು ತುಮಕೂರಿನ ಕಡೆಯವಳು. ಮದುವೆಯಾಗಿ ಕೊಯಮತ್ತೂರಿಗೆ ಬಂದೆ, ಆರ್.ಎಸ್. ಪುರಂನಲ್ಲಿ ಮನೆ, ಅಲ್ಲೇ ಹತ್ತಿರ ಆಸ್ಪತ್ರೆ. ನೇಕಾರರೇ ಹೆಚ್ಚಿರುವ ಕರುಮತ್ತಂಪಟ್ಟಿಯಲ್ಲಿ ನಮ್ಮದೊಂದು ಚಿಕ್ಕ ಶಾಖೆಯಿದೆ. ಅಲ್ಲಿ ತೆಗೆದ ಎಕ್ಸ್‌ರೇಗಳು ಕಂಪ್ಯೂಟರಿನಲ್ಲಿ ನನ್ನ ಹತ್ತಿರ ಬರುತ್ತವೆ, ನಾನು ಓದಿ ಸಹಿ ಹಾಕಬೇಕು. ಕೆಲಸ ಜಾಸ್ತಿಯಾದರೆ ಎರಡು ದಿನ ತಡವಾಗುತ್ತದೆ. ಮಗ್ಗದ ಕೆಲಸ ಬಿಟ್ಟು ಬಂದವರು ರಿಪೋರ್ಟಿಗೆಂದು ಮತ್ತೊಂದು ದಿನ ಬರಬೇಕು. ಬೋರ್ಡಿನ ಕೆಲವರ ಆಸೆ ಇದು: ಯಂತ್ರ "ನಾರ್ಮಲ್" ಅಂದ ಎದೆಯ ಎಕ್ಸ್‌ರೇಗಳು ಡಾಕ್ಟರು ನೋಡದೆಯೇ ನೇರವಾಗಿ ರೋಗಿಯ ಕೈಗೆ ಹೋಗಲಿ. ಅದನ್ನು ತಡೆಯಲೇಬೇಕು ಅಂತ ನಾನು ಟೊಂಕ ಕಟ್ಟಿ ನಿಂತೆ.

ಕಂಪನಿಯವರು ಒಂದು ತಿಂಗಳು ಪರೀಕ್ಷೆಗೆಂದು ಯಂತ್ರವನ್ನು ಕೊಟ್ಟರು. ನಾನು ಆಗಲೇ ಓದಿ ಮುಗಿಸಿದ ಎದೆಯ ಎಕ್ಸ್‌ರೇಗಳನ್ನು ಹೆಸರು ತೆಗೆದು ಅದಕ್ಕೆ ಕೊಡುವುದು, ಅದು ಅನುಮಾನವಿದ್ದ ಕಡೆ ಚೌಕ ಹಾಕಿ ತೋರಿಸುವುದು, ಇಬ್ಬರ ಮಾತೂ ಎಲ್ಲಿ ಬೇರೆಯಾಯಿತು ಅಂತ ನಾನು ನೋಡುವುದು. ಮೊದಲ ವಾರದಲ್ಲೇ ನನಗೆ ಹಬ್ಬ. ಇಲ್ಲಿಯ ಹೆಂಗಸರದು ದಪ್ಪ ಜಡೆ. ಎಕ್ಸ್‌ರೇ ತೆಗೆಯುವಾಗ ಎತ್ತಿ ಕಟ್ಟದಿದ್ದರೆ ಜಡೆಯ ನೆರಳು ಶ್ವಾಸಕೋಶದ ಮೇಲ್ತುದಿಯಲ್ಲಿ ಬೀಳುತ್ತದೆ, ನೋಡಲು ಥೇಟ್ ಕ್ಷಯದ ಕಲೆ. ಯಂತ್ರ ಜಡೆ ಕಂಡಲ್ಲೆಲ್ಲ ಚೌಕ ಹಾಕಿತು. ನಾನು ಒಬ್ಬಳೇ ಕೂತು ಚಪ್ಪಾಳೆ ತಟ್ಟಿಕೊಂಡು ನಕ್ಕೆ. ಮೆಮೊದ ಮೊದಲ ಪುಟಕ್ಕೆ "ಜಡೆಗೂ ಟಿಬಿಗೂ ವ್ಯತ್ಯಾಸ ತಿಳಿಯದ ಯಂತ್ರ" ಅಂತ ಮೆಣಸಿನಕಾಯಿಯಂಥ ಒಂದು ಸಾಲು ಬರೆದಿಟ್ಟೆ. ಆ ಸಾಲಿನ ಮೇಲೆ ನನಗೆ ಬಹಳ ಪ್ರೀತಿ ಹುಟ್ಟಿತ್ತು.

ಮೂರನೇ ವಾರ ಇನ್ನೊಂದು ಚೌಕ ಬಂತು. ಹೆಂಗಸು, ಕರುಮತ್ತಂಪಟ್ಟಿ ಶಾಖೆ, ಬಲಗಡೆ ಕೊರಳೆಲುಬಿನ ಹಿಂದೆ. ಹತ್ತು ದಿನದ ಹಿಂದೆ ನಾನೇ ನಾರ್ಮಲ್ ಅಂತ ಸಹಿ ಹಾಕಿದ್ದೆ. "ಬಂತಪ್ಪ ಮತ್ತೆ ಜಡೆ" ಅಂದುಕೊಂಡು, ಯಂತ್ರ ತಪ್ಪಿದ ಎಕ್ಸ್‌ರೇ ನಂಬರುಗಳ ಪಟ್ಟಿಯಲ್ಲಿ "ಜಡೆ" ಎಂದೇ ಬರೆದು ಮುಂದೆ ಹೋದೆ. ಎಕ್ಸ್‌ರೇಯನ್ನು ತೆರೆದು ಮತ್ತೆ ನೋಡಲಿಲ್ಲ. ಅದನ್ನು ಈಗಲೂ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಸಂಜೆ ಆ ಪಟ್ಟಿಯನ್ನು ಶಾಖೆಯ ಎಕ್ಸ್‌ರೇ ಟೆಕ್ನಿಷಿಯನ್ನರಿಗೆ ಕಳಿಸಿದೆ, ಜಡೆ ಎತ್ತಿ ಕಟ್ಟಿಸಿ ಅಂತ ಬೈಯುವುದಕ್ಕೆ. ಅವರನ್ನು ನಾನು ಅಣ್ಣ ಅನ್ನುತ್ತೇನೆ. ತಲೆತಲಾಂತರದಿಂದ ಅಲ್ಲೇ ನೆಲೆಸಿದ ನೇಕಾರರ ಮನೆಯವರು, ಮನೆಮಾತು ಕನ್ನಡ. ಓದಿದ್ದು ತಮಿಳಿನಲ್ಲಿ, ಮಾತಿನ ನಡುವೆ ತಮಿಳು ಪದ ನುಸುಳುತ್ತದೆ. ಹತ್ತು ನಿಮಿಷಕ್ಕೆ ಅವರ ಫೋನು ಬಂತು.

"ಡಾಕ್ಟ್ರಮ್ಮ, ಆ ಕಡೇ ನಂಬರು ನಮ್ಮನೆಯವಳ್ದು. ಅದು ಜಡೆ ಆಗಾಕಿಲ್ಲ."

"ಯಾಕಾಗಲ್ಲ? ನೀವು ಕಟ್ಟಿಸಿರಲ್ಲ, ಅಷ್ಟೇ."

"ಅವ್ಳು ಆ ವಾರನೇ ಪಳನೀಲಿ ಮೊಟ್ಟೆ ಹೊಡ್ಸವ್ಳೆ."

ನನಗೆ ತಲೆಬುಡ ತಿಳಿಯಲಿಲ್ಲ. "ಮೊಟ್ಟೆಗೂ ಎಕ್ಸ್‌ರೇಗೂ ಏನಣ್ಣ ಸಂಬಂಧ? ಎಷ್ಟು ಮೊಟ್ಟೆ?"

"ಎಷ್ಟು ಅಂದ್ರೆ? ಒಂದೇ. ತಲೆ ಒಂದೇ ಅಲ್ವಾ ಇರದು!"

ಆಗ ಹೊಳೆಯಿತು. ತಮಿಳಿನಲ್ಲಿ ಬೋಳುತಲೆಗೆ ಮೊಟ್ಟೈ ಅನ್ನುತ್ತಾರೆ. ಪಳನಿಯಲ್ಲಿ ಮುಡಿ ಕೊಟ್ಟು ಬಂದ ವಾರವೇ ಅಣ್ಣ ಹೆಂಡತಿಯ ಎಕ್ಸ್‌ರೇ ತೆಗೆದಿದ್ದರು. ಒಂದು ಗಳಿಗೆ ನಗು ಉಕ್ಕಿತು, ಮರುಗಳಿಗೆಗೆ ನಿಂತುಹೋಯಿತು. ಕೂದಲೇ ಇಲ್ಲದವಳಿಗೆ ಜಡೆಯ ನೆರಳು ಎಲ್ಲಿಂದ ಬರುತ್ತದೆ?

ಫೋನು ಹಿಡಿದುಕೊಂಡೇ ಎಕ್ಸ್‌ರೇ ತೆರೆದೆ. ಜಡೆಯ ನೆರಳಾದರೆ ಶ್ವಾಸಕೋಶದ ಗಡಿ ದಾಟಿ ಕತ್ತಿನವರೆಗೆ ಹೋಗಬೇಕು. ಇದು ಹೋಗಿರಲಿಲ್ಲ. ಕೊರಳೆಲುಬಿನ ಮರೆಯಲ್ಲಿ, ಶ್ವಾಸಕೋಶದ ಒಳಗೇ ನಿಂತಿತ್ತು. ಇಷ್ಟು ವರ್ಷ ಇದನ್ನೇ ಓದಿಕೊಂಡು ಬಂದ ನಾನು ಅದನ್ನು ಕಾಣದೆ ಬಿಟ್ಟಿದ್ದೆ. "ಅಣ್ಣ, ಕೆಮ್ಮು ಹೋಗಿದೆಯಾ?" ಅಂದೆ. "ಇಲ್ಲ, ನೀವು ನಾರ್ಮಲ್ ಅಂದ್ರಿ, ಪಂಜು ಧೂಳು ಅಂತ ಬಿಟ್ಟೊ" ಅಂದರು. ಪಂಜು ಅಂದರೆ ಹತ್ತಿ. ನನ್ನ ಒಂದು ಸಹಿ ನಂಬಿ ಆಕೆ ಹತ್ತು ದಿನ ಮಗ್ಗದ ಮುಂದೆ ಕೆಮ್ಮುತ್ತ ನಿಂತಿದ್ದಳು.

"ತಪ್ಪು ನನ್ನದಣ್ಣ. ನಾಳೆ ಬೆಳಿಗ್ಗೆಯೇ ಕರ್ಕೊಂಡು ಬನ್ನಿ" ಅಂದೆ. ಬಂದರು. ಕಫದ ಪರೀಕ್ಷೆಯಲ್ಲಿ ಕ್ಷಯ ಅಂತ ಖಚಿತವಾಯಿತು. ಇನ್ನೂ ಆರಂಭದಲ್ಲೇ ಇತ್ತು, ಔಷಧಿಗೆ ಬಗ್ಗುವ ಜಾತಿಯದೇ. ಸರ್ಕಾರದ ಮಾತ್ರೆ ಶುರುವಾಯಿತು, ಮನೆಯವರನ್ನೂ ಪರೀಕ್ಷಿಸಿದರು, ಉಳಿದವರಿಗೆ ಏನೂ ಇರಲಿಲ್ಲ. ನನ್ನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು.

ಮೆಮೊ ಮಾತ್ರ ಹಾಳಾಯಿತು. ಪ್ರೀತಿಯ ಮೆಣಸಿನಕಾಯಿ ಸಾಲನ್ನು ನಾನೇ ಕಿತ್ತುಹಾಕಿ ಮೊದಲಿಂದ ಬರೆದೆ. ಯಂತ್ರ ಜಡೆ ನೋಡಿ ಹೆದರುತ್ತದೆ, ನಿಜ. ಇಲ್ಲದ ರೋಗ ತೋರಿಸಿ ಜನರನ್ನು ಅಲೆಸುತ್ತದೆ. ಇರುವುದನ್ನು ಬಿಟ್ಟುಬಿಡಲೂಬಹುದು, ಹಾಗಾಗಿ ಅದರ ನಾರ್ಮಲ್ ಡಾಕ್ಟರ ಸಹಿಯಿಲ್ಲದೆ ಹೊರಗೆ ಹೋಗಕೂಡದು. ಮಕ್ಕಳ ಎಕ್ಸ್‌ರೇಗೆ ಅದನ್ನು ಪರೀಕ್ಷಿಸಿಲ್ಲ, ಬಳಸಬಾರದು. ಎಕ್ಸ್‌ರೇ ಮಿಷಿನ್ನು ಬದಲಾದರೆ ಮತ್ತೆ ಪರೀಕ್ಷಿಸಬೇಕು. ಚಿತ್ರಗಳು ಕಂಪನಿಯ ಬಳಿ ಎಷ್ಟು ದಿನ ಇರುತ್ತವೆ ಅಂತ ಬರವಣಿಗೆಯಲ್ಲಿ ಬರಬೇಕು. ಆದರೆ ಅದು ಅನುಮಾನಪಟ್ಟ ಎಕ್ಸ್‌ರೇಯನ್ನು ಸಾಲಿನಲ್ಲಿ ಮುಂದೆ ತಂದು ಡಾಕ್ಟರು ಅದೇ ದಿನ ಓದಬೇಕು. ಚೌಕ ತಪ್ಪು ಅಂತ ಕಾಟು ಹಾಕುವ ಮುನ್ನ ಎಕ್ಸ್‌ರೇ ತೆರೆದು ನೋಡಬೇಕು, ತೆಗೆದವರನ್ನು ಕೇಳಬೇಕು. ಇದಕ್ಕೆ ಆಧಾರವಾಗಿ ಅಣ್ಣನ ಮನೆಯವರ ಒಪ್ಪಿಗೆ ಪಡೆದು ನನ್ನ ತಪ್ಪನ್ನೇ ಬರೆದೆ.

ಬೋರ್ಡಿನಲ್ಲಿ ಅದನ್ನು ನಾನೇ ಓದಿದೆ. ಗಾರ್ಮೆಂಟ್ಸ್ ನಡೆಸುವ ಒಬ್ಬ ಸದಸ್ಯರು ಕೇಳಿಯೇ ಬಿಟ್ಟರು, "ಹಾಗಾದರೆ ನಿಮ್ಮನ್ನು ನಂಬೋದಾ, ಯಂತ್ರವನ್ನಾ?"

"ಒಬ್ಬರನ್ನೇ ನಂಬಬೇಡಿ ಸಾರ್. ನಿಮ್ಮ ಬನಿಯನ್ ಪೆಟ್ಟಿಗೆಗೆ ಹೋಗೋ ಮುಂಚೆ ಎಷ್ಟು ಜನ ನೋಡ್ತಾರೆ?"

ಅವರು ನಕ್ಕರು. ಅಧ್ಯಕ್ಷರು ಒಂದಕ್ಷರ ಬದಲಿಸದೆ ಮೆಮೊ ಒಪ್ಪಿದರು. ಡಾಕ್ಟರು ನೋಡದ ರಿಪೋರ್ಟು ಎಂಬ ಮಾತು ಅಂದಿಗೆ ಮುಗಿಯಿತು. ಕುಣಿಯುವಷ್ಟು ಖುಷಿಯಾಯಿತು ನನಗೆ.

ಆರು ತಿಂಗಳ ಮಾತ್ರೆ ಮುಗಿದು, ಕಡೆಯ ಪರೀಕ್ಷೆಯೂ ಚೊಕ್ಕಟವಾಗಿ ಬಂದ ದಿನ ಅಣ್ಣನ ಹೆಂಡತಿ ಒಂದು ಡಬ್ಬಿ ಹಿಡಿದು ನನ್ನ ಕೋಣೆಗೆ ಬಂದರು. ಒಳಗೆ ಬಿಸಿ ಒಬ್ಬಟ್ಟು. ಕಂಪ್ಯೂಟರಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು.

"ನನ್ ಕಾಪಾಡಿದ್ದು ಅದೇ ತಾನೇ ಡಾಕ್ಟ್ರಮ್ಮ? ಅದ್ಕೆ ಅಂತಾನೇ ಮಾಡ್ಕಂಡ್ ಬಂದೆ. ಏನ್ ಮಾಡದು, ಅದ್ಕೆ ಬಾಯಿಲ್ಲ. ನೀವೇ ತಿನ್ನಿ."

ನಗುತ್ತ ತಿಂದೆ, ಕಣ್ಣಲ್ಲಿ ನೀರು ಬಂತು. ಎರಡನೆಯದಕ್ಕೂ ಕೈ ಚಾಚಿದೆ.