ಲ್ಯಾಂಪಿನ ಕೆಳಗೆ ಅಕ್ಕನ ಬೆನ್ನು

ಅಬ್ಬಿಗೆರೆಯ ಚರ್ಮದ ಕ್ಲಿನಿಕ್ಕಿಗೆ ನಾನು ಮೊದಲು ಹೋದದ್ದು ರೋಗಿಯಾಗಿ. ಏಳನೇ ಕ್ಲಾಸಿನಲ್ಲಿ ಬೆರಳ ತುದಿಗಳಲ್ಲಿ ಶುರುವಾದ ಬಿಳುಪು ಪಿಯುಸಿ ಮುಗಿಯುವ ಹೊತ್ತಿಗೆ ತುಟಿಯ ಸುತ್ತ, ಕಣ್ಣಿನ ರೆಪ್ಪೆಯ ಮೇಲೆ, ಮೊಣಕೈಗಳಲ್ಲಿ ಹರಡಿತ್ತು. ವಾರಕ್ಕೆ ಎರಡು ಸಲ ಜಾಲಹಳ್ಳಿಯಿಂದ ಬಸ್ಸು ಹಿಡಿದು ಬಂದು, ಬೆಳಕಿನ ಚಿಕಿತ್ಸೆಯ ಪೆಟ್ಟಿಗೆಯೊಳಗೆ ಕಪ್ಪು ಕನ್ನಡಕ ಹಾಕಿಕೊಂಡು ನಿಲ್ಲುತ್ತಿದ್ದೆ. ಒಂದೂವರೆ ವರ್ಷದಲ್ಲಿ ಮುಖಕ್ಕೆ ಬಣ್ಣ ಬಹುಪಾಲು ಮರಳಿ ಬಂತು. ಬೆರಳಿಗೆ ಬರಲಿಲ್ಲ. ಬೆರಳ ತುದಿ ಹಟಮಾರಿ ಜಾಗ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಅಷ್ಟರಲ್ಲಿ ಅವರ ಕ್ಲಿನಿಕ್ಕಿನಲ್ಲಿದ್ದ ಹುಡುಗಿ ಮದುವೆಯಾಗಿ ಕೆಲಸ ಬಿಟ್ಟಳು. "ನಿಂಗೆ ಇಲ್ಲಿ ಎಲ್ಲಾ ಗೊತ್ತಲ್ಲ, ನೀನೇ ಬಂದ್ಬಿಡು," ಎಂದರು. ಹಾಗೆ ಸೇರಿದೆ. ಟೋಕನ್ ಕೊಡುವುದು, ಫೈಲು ತೆಗೆಯುವುದು, ಒಳಗೆ ಡಾಕ್ಟರಮ್ಮ ಕೇಳಿದಾಗ ಪರದೆ ಎಳೆದು ಕೋಣೆ ಕತ್ತಲು ಮಾಡುವುದು ನನ್ನ ಕೆಲಸ.

ಕತ್ತಲು ಮಾಡುವುದು ನೇರಳೆ ಬೆಳಕಿನ ಲ್ಯಾಂಪಿಗಾಗಿ. ಬಿಳಿ ಮಚ್ಚೆ ಯಾವ ಜಾತಿಯದು ಎಂದು ಅನುಮಾನ ಬಂದರೆ ಅದನ್ನು ಹಿಡಿದು ನೋಡುತ್ತಾರೆ. ನನ್ನ ಬೆರಳುಗಳು ಅದರಡಿ ಹಾಲಿನ ಹಾಗೆ ನೀಲಿ ಬಿಳುಪಾಗಿ ಹೊಳೆಯುತ್ತವೆ, ಅಂಚು ಗೆರೆ ಎಳೆದಷ್ಟು ಖಚಿತ. ಮಕ್ಕಳ ಕೆನ್ನೆಯ ಮಸುಕು ಮಚ್ಚೆಗಳು ಹಾಗೆ ಹೊಳೆಯುವುದಿಲ್ಲ. ಕ್ಲಿನಿಕ್ಕಿಗೆ ಬರುವ ಅಮ್ಮಂದಿರಲ್ಲಿ ಅರ್ಧದಷ್ಟು ಜನ ಅಂಥ ಕೆನ್ನೆಯ ಮಕ್ಕಳನ್ನೇ ಕರೆದುಕೊಂಡು ಬರುತ್ತಾರೆ. "ಡಾಕ್ಟ್ರೇ, ತೊನ್ನಲ್ಲ ತಾನೇ?" ಎಂದು ಕೇಳುತ್ತಾರೆ. ಅಲ್ಲ ಎಂದು ಹೇಳಿದ ಕ್ಷಣ "ಸದ್ಯ, ದೇವ್ರು ಕಾಪಾಡ್ದ" ಎಂದು ಕೈ ಮುಗಿಯುತ್ತಾರೆ. ಆಮೇಲೆ ಪರದೆಯ ಹತ್ತಿರ ನಿಂತ ನನ್ನ ಕೈ ಕಣ್ಣಿಗೆ ಬಿದ್ದು ಮುಗಿದ ಕೈ ಇಳಿಸುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆಯವರೇ ಇನ್ನೇನು ಮಾಡಿದ್ದರು?

ನನ್ನ ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅಪ್ಪ ಫ್ಯಾಕ್ಟರಿಯಲ್ಲಿದ್ದ ಕಾಲದ ಕ್ವಾರ್ಟರ್ಸಿನ ಒಂದೇ ಕೋಣೆಯಲ್ಲಿ ನಾವಿಬ್ಬರೂ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು. ನನಗೆ ಮಚ್ಚೆ ಬಂದ ಮೇಲೂ ಅವಳು ನನ್ನ ಚಾಪೆ ಬಿಟ್ಟು ಏಳಲಿಲ್ಲ. ಹಾಲು, ಮೊಸರು, ಮೀನು ಎಲ್ಲ ಬಿಡಿಸಿ ನನಗೆ ಸಪ್ಪೆ ಸಾರು ಹಾಕುತ್ತಿದ್ದ ದಿನಗಳಲ್ಲಿ ತನ್ನ ತಟ್ಟೆಯ ಮೊಸರನ್ನ ಕದ್ದು ತಿನ್ನಿಸುತ್ತಿದ್ದಳು. ಅಜ್ಜಿ ನಾಗರ ಶಾಪ ಎಂದಾಗ, "ಹಾವಿಗೆ ಇವಳ ಮೇಲೆ ಏನಜ್ಜಿ ಕೋಪ?" ಎಂದು ಕೇಳಿ ಬೈಸಿಕೊಂಡಿದ್ದಳು.

ಅವಳಿಗೆ ಯಲಹಂಕದ ಕಡೆಯ ಸಂಬಂಧ ಬಂತು. ಹಳೇ ಊರಿನ ಗೌಡರ ಮನೆ, ಹೊಲ ಇದ್ದ ಕಡೆ ಈಗ ಅಪಾರ್ಟ್‌ಮೆಂಟ್ ಕಟ್ಟಿಸುವವರು. ಹೆಣ್ಣು ನೋಡಲು ಬಂದ ದಿನ ನನ್ನನ್ನು ಅಬ್ಬಿಗೆರೆಯ ಸೋದರತ್ತೆಯ ಮನೆಗೆ ಕಳಿಸಿದರು. ಮದುವೆಯ ಮೂರು ದಿನವೂ ಅಲ್ಲೇ ಇದ್ದೆ. ತಂಗಿ ಎಲ್ಲಿ ಎಂದು ಕೇಳಿದವರಿಗೆ ಹಾಸ್ಟೆಲ್, ಪರೀಕ್ಷೆ ಎಂದು ಹೇಳಿದರಂತೆ. ಮದುವೆಗೆ ಮುಂಚೆ ನಾನು ಅಲ್ಲಿಗೆ ಹೊರಡುವ ಹಿಂದಿನ ದಿನ ಅಕ್ಕ ನನ್ನ ತಲೆ ಬಾಚಿದಳು. "ನಾನ್ ಸ್ವಲ್ಪ ಸೆಟ್ಲ್ ಆಗ್ತೀನಿ, ಆಮೇಲೆ ಎಲ್ರಿಗೂ ಹೇಳ್ತೀನಿ ಕಣೇ," ಎಂದಳು. ನಾನು ನಂಬಿದೆ. ಅವಳೂ ನಂಬಿಯೇ ಹೇಳಿದ್ದಳು ಅನ್ನಿಸುತ್ತದೆ.

ಆ ಮನೆಗೆ ನಾನು ದೂರದೂರಿನಲ್ಲಿ ಕೆಲಸಕ್ಕಿರುವ ತಂಗಿಯಾಗಿ ಉಳಿದೆ. ಅಕ್ಕ ತವರಿಗೆ ಬಂದರೆ ನಾನು ಮೊದಲು ಕಾಲೇಜಿಗೆ, ಆಮೇಲೆ ಕ್ಲಿನಿಕ್ಕಿಗೆ ಹೋಗಿರುವ ಹೊತ್ತಿಗೆ ಬಂದು ಹೋಗುತ್ತಿದ್ದಳು, ಜೊತೆಗೆ ಯಾರಾದರೂ ಇರುತ್ತಿದ್ದರು. ಮೊದಮೊದಲು ಫೋನು ಬರುತ್ತಿತ್ತು, ಆಮೇಲೆ ಹಬ್ಬಕ್ಕೊಂದು ಮೆಸೇಜು. ಅವಳಿಗೆ ಮಗಳು ಹುಟ್ಟಿದ್ದನ್ನು ನಾನು ಅಮ್ಮನ ಮೊಬೈಲಿನಲ್ಲಿ ನೋಡಿದೆ. ಸಂಜೆ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಅವಳು ತಂದ ಹಣ್ಣು, ತೊಳೆದಿಟ್ಟ ಲೋಟ ಕಾಣುತ್ತಿದ್ದವು. "ಅಕ್ಕ ಬಂದಿದ್ಲಾ?" ಎಂದರೆ ಅಮ್ಮ "ಹೂಂ, ನಿನ್ನ ಕೇಳಿದ್ಲು" ಎನ್ನುತ್ತಿದ್ದಳು. ಒಂಬತ್ತು ವರ್ಷ ಹೀಗೇ ಕಳೆಯಿತು.

ಹೋದ ಬೇಸಿಗೆಯ ಒಂದು ಬುಧವಾರ, ಮಧ್ಯಾಹ್ನ ಕ್ಲಿನಿಕ್ ಖಾಲಿ ಇದ್ದಾಗ, ಮಾಸ್ಕ್ ಹಾಕಿಕೊಂಡ ಹೆಂಗಸೊಬ್ಬಳು ಎಂಟು ವರ್ಷದ ಹುಡುಗಿಯ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದಳು. ನಡಿಗೆಯಲ್ಲೇ ಗುರುತು ಸಿಕ್ಕಿತು. ಅಕ್ಕ ನನ್ನ ಮೇಜಿನ ಮುಂದೆ ನಿಂತಳು. ಮಾತಿಗೆ ಮೊದಲು ಕಣ್ಣು ತುಂಬಿತು, ಆದರೆ ಹೇಳಿದ್ದು ಬೇರೆ.

"ಇವಳ ಹೆಸ್ರು ಬರ್ಕೋ."

ಬರೆದುಕೊಂಡೆ. ಹುಡುಗಿಯ ಎರಡೂ ಕೆನ್ನೆಯಲ್ಲಿ ಮಸುಕು ಮಚ್ಚೆ, ಗದ್ದದ ಹತ್ತಿರ ಇನ್ನೊಂದು.

"ಆಂಟಿ, ನಿಮ್ ಕೈಗೆ ಏನಾಗಿದೆ?" ಎಂದು ಹುಡುಗಿ ಕೇಳಿದಳು.

"ಬಣ್ಣ ಹೋಗಿದೆ ಪುಟ್ಟ. ನೋವೇನಿಲ್ಲ. ಮುಟ್ಟಿದ್ರೆ ಅಂಟಲ್ಲ," ಎಂದೆ. ಎಲ್ಲ ಮಕ್ಕಳಿಗೂ ಹೇಳುವ ಉತ್ತರ ಅದು. ಆಂಟಿ ಎಂಬ ಮಾತನ್ನು ಅಕ್ಕ ತಿದ್ದಲಿಲ್ಲ.

ಒಳಗೆ ಡಾಕ್ಟರಮ್ಮ ಮಗುವಿನ ಕೆನ್ನೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಯಾವಾಗಿನಿಂದ, ಚರ್ಮ ಒಣಗುತ್ತದೆಯೇ, ಚಿಕ್ಕವಳಿದ್ದಾಗ ತುರಿಕೆ ಇತ್ತೇ ಎಂದೆಲ್ಲ ಕೇಳಿದರು. ಆಮೇಲೆ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದರು.

"ಮನೇಲಿ ಯಾರಿಗಾದ್ರೂ ವಿಟಿಲಿಗೋ ಇದ್ಯಾ? ಬಿಳುಪು?"

ನಾನು ಪರದೆ ಎಳೆಯುತ್ತಿದ್ದೆ. ಕೈ ಅಲ್ಲೇ ನಿಂತಿತು.

"ನನ್ನ ತಂಗಿಗಿದೆ," ಎಂದಳು ಅಕ್ಕ. ನನ್ನ ಕಡೆ ಕೈ ತೋರಿಸಿ, "ಇವಳೇ," ಎಂದಳು.

ಡಾಕ್ಟರಮ್ಮ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಲ್ಯಾಂಪು ಕೈಗೆತ್ತಿಕೊಂಡರು. ನಾನು ಪರದೆ ಪೂರ್ತಿ ಎಳೆದೆ. ಕತ್ತಲಾದದ್ದು ನನಗೆ ಒಳ್ಳೆಯದೇ ಆಯಿತು.

ಲ್ಯಾಂಪಿನ ಬೆಳಕಿನಲ್ಲಿ ಮಗುವಿನ ಕೆನ್ನೆ ಹೊಳೆಯಲಿಲ್ಲ. ಸ್ವಲ್ಪ ತೆಳುವಾಗಿ ಕಂಡಿತು, ಅಂಚು ಎಲ್ಲಿ ಮುಗಿಯಿತು ಎಂದು ತಿಳಿಯದ ಹಾಗೆ. ಪರದೆ ತೆಗೆದ ಮೇಲೆ ಡಾಕ್ಟರಮ್ಮ ಅಕ್ಕನ ಬೆರಳನ್ನೇ ಹಿಡಿದು ಮಚ್ಚೆಯ ಮೇಲೆ ಆಡಿಸಿದರು. "ತರಿತರಿ ಇದೆ ಅಲ್ವಾ? ವಿಟಿಲಿಗೋ ಆದ್ರೆ ನುಣ್ಣಗಿರುತ್ತೆ, ಸುಣ್ಣದ ಹಾಗೆ ಬಿಳೀ ಇರುತ್ತೆ. ಇದು ಒಣ ಚರ್ಮದ ಮಕ್ಕಳಿಗೆ ಬರೋದು. ಬಿಸ್ಲಲ್ಲಿ ಸುತ್ತ ಕಪ್ಪಾದಾಗ ಇನ್ನೂ ಎದ್ದು ಕಾಣುತ್ತೆ. ಮಾಯಿಶ್ಚರೈಸರ್ ಹಚ್ಚಿ, ಸೋಪು ಕಮ್ಮಿ ಮಾಡಿ. ಬಣ್ಣ ಬರೋಕೆ ಕೆಲವು ತಿಂಗಳು ಬೇಕು."

"ಹೊಟ್ಟೆಹುಳದ ಔಷಧಿ ಕೊಟ್ಟೆ. ಕ್ಯಾಲ್ಸಿಯಂ ಕೊಟ್ಟೆ."

"ಹುಳಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ."

ಅಕ್ಕ ಕೈ ಮುಗಿಯಲಿಲ್ಲ, ಸದ್ಯ ಎನ್ನಲಿಲ್ಲ. ಮಗಳನ್ನು ಹೊರಗಿನ ಮೀನಿನ ತೊಟ್ಟಿಯ ಹತ್ತಿರ ಕೂರಿಸಿ ಬಂದು, ಬಾಗಿಲು ಹಾಕಿ, ಅಲ್ಲೇ ನಿಂತಳು.

"ಡಾಕ್ಟ್ರೇ, ನಂಗೂ ಇದೆ. ಒಂದು ವರ್ಷ ಆಯ್ತು. ಯಾರಿಗೂ ತೋರ್ಸಿಲ್ಲ."

ಆ ಧಗೆಯಲ್ಲೂ ಅವಳು ಕುತ್ತಿಗೆಯವರೆಗೆ ಮುಚ್ಚಿದ ರವಿಕೆ ತೊಟ್ಟಿದ್ದನ್ನು ನಾನು ಆಗ ಗಮನಿಸಿದೆ. ಹಿಂದಿನ ಹುಕ್ಕುಗಳು ಅವಳಿಗೆ ಬಿಚ್ಚಲಾಗಲಿಲ್ಲ, ನಾನು ಬಿಚ್ಚಿದೆ. ಭುಜದಿಂದ ಬೆನ್ನಿನ ನಡುವಿನವರೆಗೆ ರಾಗಿಕಾಳಿನಷ್ಟು, ನಾಣ್ಯದಷ್ಟು, ಕೆಲವು ಕಡೆ ಒಂದಕ್ಕೊಂದು ಕೂಡಿಕೊಂಡು ತಿಳಿ ಮಚ್ಚೆಗಳು. ನಾನು ಆರು ವರ್ಷದಿಂದ ಕ್ಲಿನಿಕ್ಕಿನಲ್ಲಿದ್ದವಳು, ನೋಡಿದ ತಕ್ಷಣ ತಿಳಿಯಿತು. ಆದರೆ ಹೇಳುವುದು ನನ್ನ ಕೆಲಸವಲ್ಲ.

"ಇವಳದ್ದು ನಂಗೆ ಬಂತು, ನನ್ನಿಂದ ಮಗಳಿಗೆ ಹೋಯ್ತು ಅನ್ಕೊಂಡೆ," ಎಂದಳು. "ಮನೇಲಿ ಗೊತ್ತಾದ್ರೆ ಅಂತ..."

ಮತ್ತೆ ಪರದೆ ಎಳೆದೆ. ಲ್ಯಾಂಪಿನಡಿ ಅಕ್ಕನ ಬೆನ್ನು ಅಲ್ಲಲ್ಲಿ ಮಂಕು ಹಳದಿಯಾಗಿ ಮಿಣುಗಿತು. ಬೆಳಕು ಬಂದ ಮೇಲೆ ಡಾಕ್ಟರಮ್ಮ ಗಾಜಿನ ಸ್ಲೈಡಿನ ಅಂಚಿನಿಂದ ಮೆತ್ತಗೆ ಕೆರೆದರು. ಹಿಟ್ಟಿನಂಥ ಪುಡಿ ಉದುರಿತು. ಅದಕ್ಕೆ ಒಂದು ಹನಿ ದ್ರಾವಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ತಾವು ನೋಡಿ, ಅಕ್ಕನನ್ನೂ ಕರೆದು ತೋರಿಸಿದರು.

"ಸಣ್ಣ ಎಳೆ, ಪಕ್ಕದಲ್ಲಿ ದುಂಡು ಕಾಳು ಕಾಣ್ತಾ ಇದ್ಯಾ? ಸಿಬ್ಬು ಅಂತಾರಲ್ಲ, ಅದು ಇದು. ಎಲ್ರ ಮೈ ಮೇಲೂ ಇರೋ ಫಂಗಸ್ಸೇ. ಬೆವರು, ಎಣ್ಣೆ ಸೇರಿದ್ರೆ ಜಾಸ್ತಿ ಆಗುತ್ತೆ. ನೀವು ಮುಚ್ಚಿಟ್ಟು ಮುಚ್ಚಿಟ್ಟು ಇನ್ನೂ ಬೆವರಿದ್ದೀರಿ."

"ಹಾಗಾದ್ರೆ ತಂಗಿದು?"

"ಅವಳದು ಬೇರೆ. ದೇಹವೇ ಬಣ್ಣದ ಕಣಗಳನ್ನ ಹಾಳು ಮಾಡೋದು. ಅಂಟಲ್ಲ. ಮನೇಲಿ ಒಬ್ರಿಗಿದ್ರೆ ಉಳಿದೋರಿಗೆ ಬರೋ ಸಾಧ್ಯತೆ ಸ್ವಲ್ಪ ಜಾಸ್ತಿ, ನಿಜ. ಆದ್ರೆ ಬಹಳ ಜನಕ್ಕೆ ಬರೋದೇ ಇಲ್ಲ. ಅದಕ್ಕೆ ಹೆದರಿ ಒಂದು ವರ್ಷ ಮುಚ್ಚಿಡಬಾರದಿತ್ತು."

ಬೆನ್ನಿಗೆ ಕೈ ಎಟುಕುವುದಿಲ್ಲವೆಂದು ಮುಲಾಮು ಹಚ್ಚಿ ತೋರಿಸಲು ನನಗೆ ಹೇಳಿ ಡಾಕ್ಟರಮ್ಮ ಊಟಕ್ಕೆ ಎದ್ದರು. ನಾನು ಹಚ್ಚಿದೆ. ಕ್ವಾರ್ಟರ್ಸಿನ ಬಚ್ಚಲಲ್ಲಿ ಭಾನುವಾರಗಳಂದು ನಾನು ತಿಕ್ಕುತ್ತಿದ್ದ ಬೆನ್ನು ಅದು. ಎಡಗಡೆಯ ಕಪ್ಪು ಮಚ್ಚೆ ಇದ್ದಲ್ಲೇ ಇತ್ತು. ಅಕ್ಕ ಅತ್ತಳು, ಸದ್ದಿಲ್ಲದೆ, ಬೆನ್ನು ಮಾತ್ರ ಅಲುಗಿತು.

"ಒಂದು ವರ್ಷ ನಾನ್ ನಿದ್ದೆ ಮಾಡಿಲ್ಲ ಕಣೇ. ನೀನು ಹದಿನೈದು ವರ್ಷ ಹೆಂಗಿದ್ದೆ?"

"ಅಭ್ಯಾಸ ಆಯ್ತು," ಎಂದೆ. ಮಚ್ಚೆ ಅಭ್ಯಾಸವಾಯಿತು ಎಂಬುದು ನಿಜ. ಅವಳಿಲ್ಲದ್ದು ಆಗಲಿಲ್ಲ ಎಂದು ಹೇಳಬೇಕಿತ್ತು. ಮಗು ಬಾಗಿಲು ತಟ್ಟಿತು, ಹುಕ್ಕು ಹಾಕಿಕೊಟ್ಟೆ.

ಆರು ವಾರ ಬಿಟ್ಟು ತಪಾಸಣೆಗೆ ಬಂದಾಗ ಮಗುವಿನ ಕೆನ್ನೆ ಮೆದುವಾಗಿತ್ತು, ಮಚ್ಚೆ ಮಸುಕಾಗಿ ಉಳಿದಿತ್ತು. ಅಕ್ಕನ ಬೆನ್ನಿನಲ್ಲಿ ಪುಡಿ ಉದುರಲಿಲ್ಲ. ಫಂಗಸ್ ಹೋಗಿದೆ, ಬಣ್ಣ ನಿಧಾನಕ್ಕೆ ಬರುತ್ತದೆ, ಬೇಸಿಗೆಯಲ್ಲಿ ಮತ್ತೆ ಬಂದರೆ ಗಾಬರಿಯಾಗಬೇಡಿ ಎಂದರು ಡಾಕ್ಟರಮ್ಮ. ಅಕ್ಕ ಗಂಡನಿಗೆ ತೋರಿಸಿದ್ದಳಂತೆ. ಅವನು "ಇದಾ? ನಂಗೂ ಕಾಲೇಜಲ್ಲಿ ಆಗಿತ್ತು," ಎಂದು ಟಿವಿ ಕಡೆ ತಿರುಗಿದನಂತೆ.

"ನನ್ನ ವಿಷ್ಯ ಹೇಳಿದ್ಯಾ?" ಎಂದು ಕೇಳಿದೆ.

ಅಕ್ಕ ಮಗಳ ಕೂದಲು ಸರಿಮಾಡಿದಳು. "ಹೇಳ್ತೀನಿ. ಅತ್ತೆ ಇದಾರಲ್ಲ. ನಾದಿನಿ ಮದುವೆ ಮಾತುಕತೆ ನಡೀತಾ ಇದೆ. ಅದೊಂದು ಮುಗೀಲಿ."

ಕೆಳಗಿನ ಹೋಟೆಲಿನಲ್ಲಿ ಮೂವರೂ ನಿಂತು ಕಾಫಿ ಕುಡಿದೆವು, ಮಗುವಿಗೆ ಬಾದಾಮಿ ಹಾಲು. ರಸ್ತೆಯಲ್ಲಿ ಹೋಗಿಬರುವವರಿಗೆಲ್ಲ ಕಾಣುವ ಹಾಗೆ ಅವಳು ನನ್ನ ಪಕ್ಕದಲ್ಲಿ ನಿಂತಿದ್ದಳು, ಮಾಸ್ಕ್ ಇರಲಿಲ್ಲ. ಅರ್ಧ ಗಂಟೆ. ನನ್ನ ಬೆರಳುಗಳನ್ನು ತನ್ನ ಅಂಗೈಯಲ್ಲಿ ಹಿಡಿದು ಒಂದೊಂದಾಗಿ ನೋಡಿದಳು. ಅಮ್ಮನ ಮಂಡಿನೋವು, ಅಪ್ಪನ ಪೆನ್ಷನ್, ಮಗಳ ಗಣಿತ ಎಲ್ಲ ಮಾತಾಡಿದೆವು. ಆಟೋ ಬಂದಾಗ ಮಗು ಹತ್ತಿ ಕೂತು ಕೈ ಬೀಸಿತು. "ಬಾಯ್ ಆಂಟಿ," ಎಂದಿತು.

ಈಗ ಭಾನುವಾರ ಮಧ್ಯಾಹ್ನ ಅಕ್ಕ ತಾರಸಿಗೆ ಬಟ್ಟೆ ಒಣಹಾಕಲು ಹೋದಾಗ ಫೋನು ಮಾಡುತ್ತಾಳೆ. ಬಕೆಟ್ಟಿನ ಸದ್ದು, ವಿಮಾನದ ಸದ್ದು, ನಡುವೆ ಅವಳ ಮಾತು. ಯಾರೋ ಮೆಟ್ಟಿಲು ಹತ್ತಿದರೆ "ಆಮೇಲ್ ಮಾಡ್ತೀನಿ" ಎಂದು ಇಡುತ್ತಾಳೆ. ನಾದಿನಿಯ ಸಂಬಂಧ ಇನ್ನೂ ಕುದುರಿಲ್ಲ. ಭಾನುವಾರ ನಾನು ಎಲ್ಲಿಗೂ ಹೋಗುವುದಿಲ್ಲ.