ನಾಲ್ಕನೇ ಸ್ಕ್ರೂ

ಹಳೆಯ ಮರದ ಸಾಮಾನು ಮಾರುವ ಆ ಅಂಗಡಿಯಲ್ಲಿ ಎಲ್ಲೂ ಬರೆದಿಡದ ಒಂದು ನಿಯಮವಿತ್ತು. ಸ್ಕ್ರೂ ಮುಟ್ಟಬಾರದು. ಇನ್ನೂರು ವರ್ಷ ಅಲ್ಲಾಡದೆ ಕೂತ ಸ್ಕ್ರೂವನ್ನು ಒಮ್ಮೆ ತಿರುಗಿಸಿದರೆ ತಲೆಯ ಮೇಲಿನ ಗೀಟಿನಲ್ಲಿ ಹೊಳೆಯುವ ಗಾಯವಾಗುತ್ತದೆ. ಗಾಯ ಕಂಡ ಗಿರಾಕಿ, ಯಾರೋ ಬಿಚ್ಚಿ ಏನೋ ಮಾಡಿದ್ದಾರೆ ಎಂದು ಮೂಗು ಮುರಿಯುತ್ತಾನೆ. ಈ ವ್ಯಾಪಾರದಲ್ಲಿ ಎಲ್ಲರೂ ಪಾಲಿಸುವ ಮರ್ಯಾದೆ ಇದು. ನಕಲಿ ಮಾಡುವವರಿಗೂ ಚೆನ್ನಾಗಿ ಗೊತ್ತಿರುವ ಮರ್ಯಾದೆ.

ಇಪ್ಪತ್ತೆರಡು ವರ್ಷದಿಂದ ಅಲ್ಲಿ ಸಹಾಯಕಿಯಾಗಿರುವ ಹೆಂಗಸನ್ನು ಎಲ್ಲರೂ ‘ಭೂತಗನ್ನಡಿ’ ಎನ್ನುತ್ತಾರೆ. ಕೊರಳಲ್ಲಿ ಸದಾ ಒಂದು ನೇತಾಡುತ್ತಿರುತ್ತದೆ. ಬಂದ ವಸ್ತುವನ್ನು ನೋಡುವುದು, ಅದರ ಕಾಲ, ಮರ, ರಿಪೇರಿಗಳನ್ನು ಒಂದು ಚೀಟಿಯಲ್ಲಿ ಬರೆಯುವುದು ಅವಳ ಕೆಲಸ. ಆ ಚೀಟಿ ವಸ್ತುವಿನ ಜೊತೆಗೇ ಗಿರಾಕಿಯ ಮನೆಗೆ ಹೋಗುತ್ತದೆ. ಈಚೆಗೆ ಸಂಜೆಯಾದರೆ ಕಣ್ಣು ಉರಿಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ. ‘ನಿನ್ನನ್ನೇ ಆ ಅಂಗಡೀಲಿ ಮಾರಾಟಕ್ಕಿಡಬಹುದು, ರಿಪೇರಿ ಒಂದೂ ಆಗಿಲ್ಲ’ ಎಂದು ಗಂಡ ಛೇಡಿಸುತ್ತಾನೆ. ‘ಕೊಳ್ಳೋರು ಬೇಕಲ್ಲ’ ಎಂದು ಅವಳು ಚಪ್ಪಲಿ ಕಳಚುತ್ತಾಳೆ.

ಆ ಗುರುವಾರ ಬಂದದ್ದು ಬರವಣಿಗೆಯ ಪೆಟ್ಟಿಗೆ. ಓಕ್ ಮರದ್ದು, ಇಳಿಜಾರು ಮುಚ್ಚಳ, ಒಳಗೆ ಮಸಿ ಕುಡಿಕೆಗೆ ಗೂಡು, ಹಿತ್ತಾಳೆ ಬೀಗ. ತಂದವನು ಇಸ್ತ್ರಿ ಅಂಗಿ ತೊಟ್ಟ ಒಬ್ಬ ದಲ್ಲಾಳಿ. ಎರಡು ವರ್ಷದಿಂದ ಬರುತ್ತಿದ್ದ, ತಂದದ್ದೆಲ್ಲ ಒಳ್ಳೆಯದೇ.

‘ಇನ್ನೂರ ಇಪ್ಪತ್ತು ವರ್ಷ ಅಕ್ಕಾ. ಕಣ್ಣು ಮುಚ್ಚಿಕೊಂಡು ಬರೀರಿ.’

‘ಕಣ್ಣು ಮುಚ್ಚೋಕೆ ಸಂಬಳ ಕೊಡಲ್ಲ ಇವರು,’ ಎಂದಳು ಅವಳು.

ಅಂಗಡಿಯ ಯಜಮಾನರು ನಕ್ಕರು. ಎಪ್ಪತ್ತು ದಾಟಿದವರು, ಪೆಟ್ಟಿಗೆ ಆಗಲೇ ಅವರ ಮನಸ್ಸಿಗೆ ಹತ್ತಿತ್ತು.

ತಪ್ಪು ಕಾಣಲಿಲ್ಲ. ಹಲಗೆಯ ಹಿಂಬದಿಯಲ್ಲಿ ಕೈ ಉಳಿಯ ಅಲೆ ಬೆರಳಿಗೆ ಸಿಗುತ್ತಿತ್ತು. ಮೊಣಕೈ ಊರುವ ಅಂಚು ಸವೆದಿತ್ತು. ಬೀಗದ ಪಟ್ಟಿಗೆ ನಾಲ್ಕು ಕಬ್ಬಿಣದ ಸ್ಕ್ರೂ. ನಾಲ್ಕರ ಗೀಟೂ ನಡುವೆ ಇರದೆ ಒಂದು ಪಕ್ಕಕ್ಕೆ ವಾಲಿತ್ತು. ಆ ಕಾಲದಲ್ಲಿ ಗೀಟನ್ನು ಕೈಗರಗಸದಲ್ಲಿ ಕೊಯ್ಯುತ್ತಿದ್ದರು, ನಡುವೆಯೇ ಬರುತ್ತಿದ್ದುದು ಅಪರೂಪ. ಅವಳು ಪೆನ್ನು ಎತ್ತಿಕೊಂಡಳು. ಆಮೇಲೆ ಭೂತಗನ್ನಡಿಯನ್ನು ಇನ್ನೊಮ್ಮೆ ಇಳಿಸಿದಳು.

ಮೂರು ಸ್ಕ್ರೂಗಳ ತಲೆಗಳು ತಮ್ಮ ಕುಳಿಯಲ್ಲಿ ಬಿಗಿಯಾಗಿ ಕೂತಿದ್ದವು. ನಾಲ್ಕನೆಯದರ ಒಂದು ಬದಿಗೆ ಮಾತ್ರ ಕೂದಲೆಳೆಯಷ್ಟು ಕಪ್ಪು ಗೆರೆ. ಸೂಜಿಯಿಂದ ಕೆದಕಿದಾಗ ಕಪ್ಪು ಮೇಣ ಎದ್ದು ಬಂತು. ಅದರ ಕೆಳಗೆ ಸಂದು. ಅಂದರೆ ಗೀಟು ಪಕ್ಕಕ್ಕೆ ಬಂದಿರಲಿಲ್ಲ. ಗೀಟು ನಡುವೆಯೇ ಇದ್ದ ಸ್ಕ್ರೂವಿನ ತಲೆಯ ಒಂದು ಅಂಚನ್ನು ಅರದಿಂದ ಉಜ್ಜಿ, ಗೀಟು ವಾಲಿದಂತೆ ಕಾಣಿಸಿದ್ದರು.

‘ಯಜಮಾನ್ರೆ, ಇದನ್ನ ಬಿಚ್ಚಬೇಕು.’

‘ಬೇಡ ಕನ್ನಡಿ. ನಿಯಮ ಗೊತ್ತಲ್ಲ.’

‘ಗೊತ್ತು. ಇದನ್ನ ಮಾಡಿದವನಿಗೂ ಗೊತ್ತು.’

ಯಜಮಾನರು ದಲ್ಲಾಳಿಯ ಕಡೆ ನೋಡಿದರು. ಆಮೇಲೆ, ಬಿಚ್ಚು ಎಂಬಂತೆ ಕೈ ಆಡಿಸಿದರು.

ಅಷ್ಟು ಹಳೆಯ ಸ್ಕ್ರೂ ಸುಲಭಕ್ಕೆ ಮಣಿಯುವುದಿಲ್ಲ. ತುಕ್ಕು ಮರವನ್ನು ಕಚ್ಚಿಕೊಂಡಿರುತ್ತದೆ, ಕಾಸಿದ ಕಬ್ಬಿಣ ತಾಗಿಸಿ ಸಡಿಲ ಮಾಡಬೇಕು. ಇದು ಬೆಣ್ಣೆಯಲ್ಲಿ ನೆಟ್ಟಂತೆ ಬಂತು. ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ತುದಿ ಚೂಪಾಗಿತ್ತು. ಇನ್ನೂರ ಇಪ್ಪತ್ತು ವರ್ಷದ ಹಿಂದೆ ಮರದ ಸ್ಕ್ರೂಗಳ ತುದಿ ಮೊಂಡು. ತಾನಾಗಿ ಒಳಗೆ ಕೊರೆದುಕೊಂಡು ಹೋಗುವ ಚೂಪು ತುದಿ ಬಂದದ್ದು ಯಂತ್ರ ಬಂದ ಮೇಲೆ, ನಲವತ್ತು ವರ್ಷ ತಡವಾಗಿ.

‘ಅಷ್ಟೇನಾ?’ ಎಂದ ದಲ್ಲಾಳಿ. ‘ಮಧ್ಯೆ ಯಾರೋ ಬೀಗ ರಿಪೇರಿ ಮಾಡಿರ್ತಾರೆ. ಒಂದು ಸ್ಕ್ರೂ ಕಳೆದಿರುತ್ತೆ, ಬೇರೆ ಹಾಕಿರ್ತಾರೆ.’

ಮಾತು ಸರಿಯೇ. ಹಳೆಯ ಸಾಮಾನಿನಲ್ಲಿ ಹೊಸ ಸ್ಕ್ರೂ ಸಿಗುವುದು ಹೊಸ ವಿಷಯವಲ್ಲ. ಹಾಗಾಗಿ ಅವಳು ಟಾರ್ಚ್ ತಂದು ತೂತಿನೊಳಗೆ ಬೆಳಕು ಬಿಟ್ಟಳು.

‘ಮೊದಲು ಮೊಂಡು ಸ್ಕ್ರೂ ಇದ್ದಿದ್ರೆ ತೂತು ತಳದವರೆಗೂ ಅಗಲ ಇರಬೇಕಿತ್ತು. ಇಲ್ಲಿ ಹೋಗ್ತಾ ಹೋಗ್ತಾ ಸಣ್ಣದಾಗಿದೆ, ಈ ಸ್ಕ್ರೂಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ. ಹಳೆ ತೂತು ಮುಚ್ಚೋಕೆ ಕಡ್ಡಿ ತುರುಕಿಲ್ಲ, ಅಂಟಿಲ್ಲ. ಈ ತೂತು ನೋಡಿದ ಮೊದಲನೇ ಸ್ಕ್ರೂ ಇದೇ.’

ಯಜಮಾನರು ಹತ್ತಿರ ಬಂದರು. ‘ಉಳಿದ ಮೂರು?’

ಉಳಿದ ಮೂರನ್ನೂ ಬಿಚ್ಚಿದಳು. ಮೂರೂ ಮೊಂಡು, ಮೂರೂ ನಿಜಕ್ಕೂ ಹಳೆಯವು. ಆದರೆ ತೂತಿನ ಒಳಗೋಡೆ ಜೇನಿನ ಬಣ್ಣದಲ್ಲೇ ಇತ್ತು. ಓಕ್ ಮರದಲ್ಲಿ ಕಬ್ಬಿಣ ಬಹುಕಾಲ ಕೂತರೆ ಸುತ್ತಲಿನ ಮರ ಮಸಿ ಚೆಲ್ಲಿದಂತೆ ಕಪ್ಪಾಗುತ್ತದೆ. ಇಲ್ಲಿ ಕಪ್ಪಿನ ಸುಳಿವಿರಲಿಲ್ಲ. ಯಾವುದೋ ಮುರಿದ ಕಪಾಟಿನಿಂದ ಹಳೆಯ ಸ್ಕ್ರೂ ಕಿತ್ತು ತಂದಿದ್ದರು, ಮೂರೇ ಸಿಕ್ಕಿದ್ದವು.

ದಲ್ಲಾಳಿ ವಾದ ಮಾಡಲಿಲ್ಲ. ‘ನನಗೂ ಮೋಸ ಆಗಿದೆ ಅಕ್ಕಾ,’ ಎಂದು ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ.

ಅವಳು ಕೂತೇ ಇದ್ದಳು. ಹೋದ ವರ್ಷ ಇದೇ ದಲ್ಲಾಳಿ ಇಂಥದೇ ಪೆಟ್ಟಿಗೆ ತಂದಿದ್ದ. ಅದರ ಸ್ಕ್ರೂಗಳನ್ನು ಅವಳು ಮುಟ್ಟಿರಲಿಲ್ಲ. ‘ಎಲ್ಲ ಭಾಗವೂ ಮೂಲದ್ದೇ’ ಎಂದು ಚೀಟಿ ಬರೆದಿದ್ದಳು. ಕೊಂಡವರು ನಿವೃತ್ತ ಟೀಚರ್ ಒಬ್ಬರು.

‘ಅವರ ಮನೆಗೆ ಹೋಗಿ ನೋಡಿ ಬರ್ತೀನಿ,’ ಎಂದಳು.

‘ಅವರು ಕೇಳಿದ್ರಾ?’ ಯಜಮಾನರ ದನಿ ಏರಲಿಲ್ಲ. ‘ಒಂದನ್ನ ನಕಲಿ ಅಂತ ನಾವೇ ಹೇಳಿದ್ರೆ ನಿನ್ನ ಚೀಟಿ ಇನ್ಯಾರು ನಂಬ್ತಾರೆ? ಚೀಟಿ ನಂಬದಿದ್ರೆ ನಿನ್ನಿಂದ ನನಗೆ ಏನು ಕೆಲಸ? ಯೋಚನೆ ಮಾಡು.’

ಅವಳು ಎರಡು ದಿನ ಯೋಚಿಸಿದಳು. ಭಾನುವಾರ ಕೈಚೀಲಕ್ಕೆ ಸ್ಕ್ರೂಡ್ರೈವರ್ ಹಾಕಿಕೊಂಡು ಬಸ್ ಹತ್ತಿದಳು.

ಟೀಚರ್ ಮನೆ ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಪೆಟ್ಟಿಗೆ ಕಿಟಕಿಯ ಹತ್ತಿರದ ಮೇಜಿನ ಮೇಲಿತ್ತು, ಪಕ್ಕದಲ್ಲಿ ಅರ್ಧ ಬರೆದ ಕಾಗದ. ವಿಷಯ ಕೇಳಿ ಟೀಚರ್ ಕನ್ನಡಕ ಹಾಕಿಕೊಂಡು ಎದುರಿಗೇ ಕೂತರು, ಪರೀಕ್ಷೆ ಕೋಣೆಯಲ್ಲಿ ಕೂತ ಹಾಗೆ. ಮೊದಲ ಎರಡು ಸ್ಕ್ರೂ ಮೊಂಡು. ಮೂರನೆಯದು ಸಲೀಸಾಗಿ ತಿರುಗಿತು. ಹೊರಗೆ ಬರುವ ಮೊದಲೇ ಅವಳಿಗೆ ಗೊತ್ತಾಗಿತ್ತು. ತುದಿ ಚೂಪು, ತೂತೂ ಅದರ ಅಳತೆಗೇ ಸಣ್ಣದಾಗುತ್ತಾ ಹೋಗಿತ್ತು.

‘ನೀವು ಬರದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ, ಅಲ್ವಾ?’

‘ಇಲ್ಲ ಟೀಚರ್.’

‘ಮತ್ತೆ ಯಾಕಮ್ಮ ಬಂದಿರಿ?’

‘ಚೀಟಿ ಮೇಲಿರೋದು ನನ್ನ ಕೈಬರಹ.’

ಟೀಚರ್ ಪೆಟ್ಟಿಗೆಯಿಂದ ಅಂಚೆಚೀಟಿಗಳು, ಎರಡು ಪೆನ್ನು, ರಬ್ಬರ್ ಬ್ಯಾಂಡ್ ಹಾಕಿದ ಕಾಗದದ ಕಟ್ಟು ತೆಗೆದಿಟ್ಟರು. ಕೊನೆಗೆ ಆ ಚೀಟಿ. ‘ತಪ್ಪು ಬರೆದವರೇ ತಿದ್ದಬೇಕು,’ ಎಂದು ಪೆನ್ನು ಮುಂದೆ ಚಾಚಿದರು. ಅವಳು ಆ ಸಾಲು ಹೊಡೆದುಹಾಕಿ, ಕೆಳಗೆ ನಿಜ ಬರೆದಳು. ದುಡ್ಡು ಹಿಂದಿರುಗಿಸುವ ಮಾತು ಕೊಟ್ಟು, ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಾಪಸ್ ತಂದಳು.

ಸೋಮವಾರ ಯಜಮಾನರು ಬಂದಾಗ ಪೆಟ್ಟಿಗೆ ಅವರ ಮೇಜಿನ ಮೇಲಿತ್ತು, ಮುಚ್ಚಳದ ಮೇಲೆ ಚೂಪು ಸ್ಕ್ರೂ. ಅವರು ಅದನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದರು. ಅವಳು ಕೈಚೀಲವನ್ನು ಹೆಗಲಿನಿಂದ ಇಳಿಸಿರಲಿಲ್ಲ. ಹೋಗು ಎಂದರೆ ಹೊರಡುವುದಕ್ಕೆ ಸುಲಭವಾಗಲಿ ಎಂದು.

‘ಅವನ ಕೈಯಿಂದ ಒಟ್ಟು ಎಷ್ಟು ತಗೊಂಡಿದ್ವಿ?’

‘ಇದು ಬಿಟ್ಟು ನಾಲ್ಕು.’

‘ನಾಲ್ಕೂ ಮಾರಿ ಆಗಿದೆ.’

‘ಹೌದು.’

ಯಜಮಾನರು ಸ್ಕ್ರೂವನ್ನು ಜೇಬಿಗೆ ಹಾಕಿಕೊಂಡು ವಿಳಾಸದ ಪುಸ್ತಕ ಎಳೆದುಕೊಂಡರು. ‘ಒಬ್ಬಳೇ ಹೋಗಬೇಡ, ನಾನೂ ಬರ್ತೀನಿ. ಮಹಡಿ ಎಷ್ಟನೇದು ಅಂತ ಮೊದಲೇ ಕೇಳಿಕೋ, ನನ್ನ ಮಂಡಿ ಸರಿ ಇಲ್ಲ.’

ಅವಳು ಕೈಚೀಲ ಇಳಿಸಿ ಕೂತಳು. ಸೊಂಟ ನೋಯುತ್ತಿತ್ತು. ಫೋನ್ ಎತ್ತಿಕೊಂಡು ಮೊದಲನೆಯ ಸಂಖ್ಯೆ ಒತ್ತಿದಳು.